ಮಸುಕು ಫೋಟೊದ ಗೊರವ: ಕುಟುಂಬದ ಹೆಸರಿಗೇ ಯಾಕೆ ನಿಲ್ಲಬೇಕಾಗುತ್ತದೆ?

ಪ್ರಶ್ನೆ: ಜನವರಿಯಲ್ಲಿ ಮಂಡ್ಯದ ಹತ್ತಿರ ನಮ್ಮೂರ ಕೆರೆಯಲ್ಲಿ ಕೆಸರಿನ ಮೇಲೆ ಒಂಟಿಯಾಗಿ ಓಡಾಡುತ್ತಿದ್ದ ಹಕ್ಕಿಯೊಂದರ ಫೋಟೊ ತೆಗೆದೆ. 300 ಎಂಎಂ ಲೆನ್ಸ್, ದೂರ ಸುಮಾರು 80 ಮೀಟರ್, ಬೆಳಿಗ್ಗೆ ಹನ್ನೊಂದು ಗಂಟೆ. ಸ್ವಲ್ಪ ಮಸುಕಾಗಿದೆ, ಆದರೂ ಹಕ್ಕಿ ಚೆನ್ನಾಗಿಯೇ ಕಾಣುತ್ತದೆ. ತೋರಿಸಿದವರೆಲ್ಲ ‘ಸ್ಯಾಂಡ್‌ಪೈಪರ್ ಕುಟುಂಬ, ಅಷ್ಟೇ ಹೇಳೋಕಾಗೋದು’ ಅನ್ನುತ್ತಾರೆ. ಹೆಸರು ಯಾಕೆ ಹೇಳೋಕಾಗಲ್ಲ? ಇನ್ನು ಯಾವ ಕಡೆಯಿಂದ ತೆಗೆದಿದ್ದರೆ ಆಗುತ್ತಿತ್ತು?

ಉತ್ತರ: ನೀವು ಫೋಟೊದ ಜೊತೆ ದೂರ, ಲೆನ್ಸ್, ಸಮಯ ಮೂರನ್ನೂ ಬರೆದದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಮೂರರಲ್ಲೇ ಇದೆ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ 300 ಎಂಎಂ ಲೆನ್ಸ್ ಹಾಕಿ 80 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ, ಫೋಟೊದ ಒಂದು ಪಿಕ್ಸೆಲ್ ಅಂದರೆ ಹಕ್ಕಿಯ ಮೈಮೇಲಿನ ಹತ್ತಿರಹತ್ತಿರ ಒಂದು ಮಿಲಿಮೀಟರ್. ಇಪ್ಪತ್ತು ಸೆಂಟಿಮೀಟರ್ ಉದ್ದದ ಹಕ್ಕಿಗೆ ಸುಮಾರು 190 ಪಿಕ್ಸೆಲ್ ಸಿಗುತ್ತದೆ. ನಿಮ್ಮ ಫೋಟೊದಲ್ಲೂ ಹಾಗೇ ಇದೆ. 190 ಪಿಕ್ಸೆಲ್ ಕಮ್ಮಿ ಏನಲ್ಲ. ಅದಕ್ಕೇ ನಿಮಗೆ ಹಕ್ಕಿ ಚೆನ್ನಾಗಿ ಕಾಣುತ್ತಿದೆ ಅನ್ನಿಸುವುದು.

ಆದರೆ ಈಗ ಮಸುಕನ್ನು ಅಳೆಯೋಣ. ಫೋಟೊವನ್ನು ಪೂರ್ತಿ ದೊಡ್ಡದು ಮಾಡಿ, ಹಕ್ಕಿಯ ಕಂದು ಬೆನ್ನು ಮತ್ತು ಹಿಂದಿನ ಹೊಳೆಯುವ ನೀರು ಸೇರುವ ಅಂಚನ್ನು ನೋಡಿ. ಚೂಪಾದ ಫೋಟೊ ಆಗಿದ್ದರೆ ಕಂದು ಬಣ್ಣ ಒಂದೆರಡು ಪಿಕ್ಸೆಲ್‌ನೊಳಗೆ ಬಿಳಿಯಾಗಬೇಕು. ನಿಮ್ಮದರಲ್ಲಿ ಹಾಗೆ ಬದಲಾಗಲು ಆರು ಪಿಕ್ಸೆಲ್ ಹಿಡಿಯುತ್ತದೆ. ಅಂದರೆ ಹಕ್ಕಿಯ ಮೈಮೇಲೆ ಆರು ಮಿಲಿಮೀಟರ್‌ಗಿಂತ ಸಣ್ಣದಾಗಿರುವುದೆಲ್ಲ ಅಕ್ಕಪಕ್ಕದ ಬಣ್ಣದ ಜೊತೆ ಕಲೆಸಿಹೋಗಿದೆ. ಹನ್ನೊಂದು ಗಂಟೆಯ ಬಿಸಿಲಿಗೆ ಕೆರೆಯಂಗಳದ ಒಣಮಣ್ಣು ಕಾದಿರುತ್ತದೆ. ಅದರ ಮೇಲೆ ಗಾಳಿ ಅಲೆಯಾಡುತ್ತದೆ. ಅದರ ಜೊತೆಗೆ ಕೈ ನಡುಕ ಸೇರಿದರೆ ಆರು ಪಿಕ್ಸೆಲ್ ಹೋಗುವುದು ಮಾಮೂಲು.

ಆ ಆರು ಮಿಲಿಮೀಟರ್‌ನಲ್ಲಿ ಏನು ಹೋಯಿತು, ಏನು ಉಳಿಯಿತು ಅನ್ನುವುದೇ ನಿಜವಾದ ವಿಷಯ.

ಮೊದಲು ಉಳಿದದ್ದು. ಕೊಕ್ಕು ನೇರವಾಗಿ, ತೆಳ್ಳಗೆ, ತಲೆಯಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ಉದ್ದವಾಗಿದೆ. ಮೂರು ಸೆಂಟಿಮೀಟರ್ ಹತ್ತಿರದ ಉದ್ದ ಅದು, ಮಸುಕಿಗೆ ಸೋಲುವಂಥದ್ದಲ್ಲ. ತಲೆ ಚಿಕ್ಕದು. ಮೈ ನೆಲಕ್ಕೆ ಸಮವಾಗಿ ಚಾಚಿಕೊಂಡಿದೆ. ಮೇಲೆ ಕಂದು, ಹೊಟ್ಟೆ ಬಿಳಿ. ಕೆರೆಯಂಚಿನ ಪ್ಲವರ್‌ಗಳಿಗೆ, ಅಂದರೆ ಟಿಟ್ಟಿಭದ ನೆಂಟರಿಗೆ, ಕೊಕ್ಕು ಮೋಟು, ತಲೆ ಗುಂಡು, ಕಣ್ಣು ದೊಡ್ಡದು. ಅದು ಇಲ್ಲಿ ಇಲ್ಲ. ಕಪ್ಪು ಬಿಳಿಯ ಸ್ಟಿಲ್ಟ್ ಆಗಿದ್ದರೆ ಆ ಕಡ್ಡಿಯಂಥ ಗುಲಾಬಿ ಕಾಲು ಎಂಥ ಮಸುಕಿನಲ್ಲೂ ಗೊತ್ತಾಗುತ್ತಿತ್ತು. ಹಾಗಾಗಿ ಇದು ಸ್ಕೋಲೋಪ್ಯಾಸಿಡೇ ಕುಟುಂಬ. ನಮ್ಮ ಪಕ್ಷಿ ಪುಸ್ತಕಗಳಲ್ಲಿ ಗೊರವ ಅಂತ ಹೆಸರಿರುವ ಹಕ್ಕಿಗಳ ಗುಂಪು. ಇಷ್ಟನ್ನು ಧೈರ್ಯವಾಗಿ ಹೇಳಬಹುದು, ಯಾಕೆಂದರೆ ಇವೆಲ್ಲ ಸೆಂಟಿಮೀಟರ್ ಅಳತೆಯ ಗುರುತುಗಳು.

ಮುಂದಿನ ಹೆಜ್ಜೆಯಲ್ಲಿ ಕಷ್ಟ ಶುರುವಾಗುತ್ತದೆ. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಈ ಕುಟುಂಬದ ಹಕ್ಕಿಗಳಲ್ಲಿ ಕೆಲವನ್ನು ನಿಮ್ಮ ಫೋಟೊದಿಂದಲೇ ಬಿಡಬಹುದು. ಮಾರ್ಶ್ ಸ್ಯಾಂಡ್‌ಪೈಪರ್, ಗ್ರೀನ್‌ಶ್ಯಾಂಕ್ ಎರಡೂ ಚಳಿಗಾಲದಲ್ಲಿ ಬೂದು ಮಿಶ್ರಿತ ಬಿಳಿ. ನಿಮ್ಮ ಹಕ್ಕಿ ಅಷ್ಟು ತಿಳಿಯಾಗಿಲ್ಲ. ಸ್ಟಿಂಟ್ ಎಂಬ ಪುಟ್ಟ ಗೊರವಗಳ ಕೊಕ್ಕು ಇನ್ನೂ ಗಿಡ್ಡ. ಉಳಿಯುವುದು ನಾಲ್ಕು: ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್ ಮತ್ತು ಹೆಣ್ಣು ರಫ್. ನಾಲ್ಕೂ ಮೇಲೆ ಕಂದು, ಕೆಳಗೆ ಬಿಳಿ. ನಾಲ್ಕೂ ಕೆಸರಂಚಿನಲ್ಲಿ ಮೇಯುತ್ತವೆ.

ಹತ್ತಿರದಿಂದ ನೋಡಿದರೆ ಇವು ಒಂದಕ್ಕೊಂದು ಬೇರೆಯೇ. ವುಡ್‌ಗೆ ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು ಇರುತ್ತದೆ. ಬೆನ್ನ ಮೇಲೆ ಎದ್ದು ಕಾಣುವ ತಿಳಿ ಚುಕ್ಕೆಗಳು, ಹಳದಿ ಕಾಲು. ಗ್ರೀನ್‌ಗೆ ಹುಬ್ಬು ಕಣ್ಣಿನ ಮುಂದೆಯೇ ಮುಗಿಯುತ್ತದೆ, ಕಣ್ಣ ಸುತ್ತ ಬಿಳಿ ಬಳೆ, ಬೆನ್ನ ಚುಕ್ಕೆಗಳು ಸಾಸಿವೆಯಷ್ಟು, ಕಾಲು ಮಬ್ಬು ಹಸಿರು. ಆದರೆ ಈ ಹುಬ್ಬಿನ ಅಗಲ ಎಷ್ಟು ಗೊತ್ತಾ? ಎರಡು ಮೂರು ಮಿಲಿಮೀಟರ್. ಚುಕ್ಕೆಯೂ ಅಷ್ಟೇ, ಕಾಲಿನ ದಪ್ಪವೂ ಅಷ್ಟೇ. ನಿಮ್ಮ ಫೋಟೊದಲ್ಲಿ ಕಲೆಸಿಹೋದದ್ದು ಆರು ಮಿಲಿಮೀಟರ್. ಈ ಎರಡನ್ನು ಬೇರೆ ಮಾಡುವ ಗುರುತುಗಳೆಲ್ಲ ಆ ಜರಡಿಯಲ್ಲಿ ಸೋರಿಹೋದವು. ಕಾಲಿನ ಬಣ್ಣವನ್ನಂತೂ ಕೆಸರು ಮೆತ್ತಿದ್ದರೆ ಚೂಪಾದ ಫೋಟೊದಲ್ಲೂ ನಂಬಬಾರದು.

ಕಾಮನ್‌ಗೆ ಒಂದು ದೊಡ್ಡ ಗುರುತಿದೆ. ಎದೆಯ ಪಕ್ಕದ ಕಂದು ಬಣ್ಣಕ್ಕೂ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಮೇಲಕ್ಕೆ ನುಗ್ಗಿ ಹೆಗಲ ಹತ್ತಿರ ಒಂದು ಬಿಳಿ ಮೊನೆ ಮಾಡುತ್ತದೆ. ಅದು ನಿಮ್ಮ ಮಸುಕಿನಲ್ಲೂ ಉಳಿಯಬಹುದಿತ್ತು. ಆದರೆ ಹಕ್ಕಿ ನಿಮಗೆ ಓರೆಯಾಗಿ ಬೆನ್ನು ಹಾಕಿ ನಡೆಯುತ್ತಿದೆ, ಹೆಗಲು ಕಾಣುವುದೇ ಇಲ್ಲ. ಅದನ್ನು ಕಳೆದದ್ದು ಮಸುಕು ಅಲ್ಲ, ಕೋನ.

ರಫ್ ವಿಷಯಕ್ಕೆ ಗಾತ್ರ ಬೇಕಿತ್ತು. ವುಡ್ ಮತ್ತು ಕಾಮನ್ ಸುಮಾರು 20 ಸೆಂಟಿಮೀಟರ್, ಗ್ರೀನ್ ಅದಕ್ಕಿಂತ ಚೂರು ದೊಡ್ಡದು, ಹೆಣ್ಣು ರಫ್ ಹೆಚ್ಚೆಂದರೆ 26ರವರೆಗೆ. ನೀವು 80 ಮೀಟರ್ ಅಂದದ್ದು ಅಂದಾಜು. ನಿಜವಾದ ದೂರ 100 ಮೀಟರ್ ಇದ್ದರೆ ಅದೇ 190 ಪಿಕ್ಸೆಲ್ ಹಕ್ಕಿ 25 ಸೆಂಟಿಮೀಟರ್ ಆಗಿಬಿಡುತ್ತದೆ. ನೀರಿನ ಮೇಲೆ ದೂರ ಅಂದಾಜು ಮಾಡುವಾಗ ಇಷ್ಟು ತಪ್ಪು ಯಾರಿಗೂ ಆಗುತ್ತದೆ. ಬರೀ ಕೆಸರಿನ ಮೇಲೆ ಒಂಟಿ ಹಕ್ಕಿ ನಿಂತಿದ್ದರೆ ಅದರ ಗಾತ್ರ ಹೇಳುವ ದಾರಿಯೇ ಇಲ್ಲ.

‘ಸರಿ, ಪ್ರಭೇದ ಬೇಡ, ಕುಲವನ್ನಾದರೂ ಹೇಳಬಹುದಲ್ವಾ’ ಅಂತ ನೀವು ಕೇಳಬಹುದು. ಉಳಿದ ನಾಲ್ಕೂ ಒಂದೇ ಕುಲದವಾಗಿದ್ದರೆ ಖಂಡಿತ ಹೇಳಬಹುದಿತ್ತು. ಆದರೆ ವುಡ್ ಮತ್ತು ಗ್ರೀನ್ ಟ್ರಿಂಗಾ ಕುಲ. ಕಾಮನ್ ಆಕ್ಟೈಟಿಸ್ ಕುಲ. ರಫ್ ಈಗ ಸ್ಟಿಂಟ್‌ಗಳ ಜೊತೆ ಕ್ಯಾಲಿಡ್ರಿಸ್ ಕುಲದಲ್ಲಿದೆ. ಈ ನಾಲ್ಕು ಹೆಸರುಗಳಲ್ಲಿ ಯಾವುದನ್ನೂ ಬಿಡಲಾಗದಿದ್ದಾಗ, ನಾಲ್ಕೂ ಒಟ್ಟಿಗೆ ಸೇರುವ ಮೆಟ್ಟಿಲಿಗೆ ಹತ್ತಬೇಕು. ಆ ಮೆಟ್ಟಿಲು ಕುಟುಂಬ. ನಿಮಗೆ ಉತ್ತರ ಕೊಟ್ಟವರು ಸುಮ್ನೆ ಜಾರಿಕೊಂಡಿಲ್ಲ. ಫೋಟೊದಲ್ಲಿ ಇರುವುದರ ಕೊನೆಯ ಅಂಚಿನವರೆಗೆ ಬಂದು ಅಲ್ಲಿ ನಿಂತಿದ್ದಾರೆ. ನಿಮ್ಮದೇ ಫೋಟೊದಲ್ಲಿ ಹೆಗಲ ಬಿಳಿ ಮೊನೆ ಇಲ್ಲವೆಂಬುದು ಸ್ಪಷ್ಟವಾಗಿ ಕಂಡಿದ್ದು, ಪಕ್ಕದಲ್ಲಿ ಗಾತ್ರಕ್ಕೆ ಇನ್ನೊಂದು ಹಕ್ಕಿಯೂ ಇದ್ದಿದ್ದರೆ ಅವರು ಟ್ರಿಂಗಾ ಕುಲದವರೆಗೆ ಇಳಿಯುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಸುಕು ಫೋಟೊವನ್ನು ಸಾಫ್ಟ್‌ವೇರ್‌ನಲ್ಲಿ ಚೂಪು ಮಾಡಿದರೆ ಹೊಸ ಮಾಹಿತಿ ಹುಟ್ಟುವುದಿಲ್ಲ, ಕೆಲವೊಮ್ಮೆ ಸುಳ್ಳು ಮಾಹಿತಿ ಹುಟ್ಟುತ್ತದೆ. ಚೂಪು ಮಾಡುವ ವಿಧಾನವೇ ಕಪ್ಪು ಅಂಚಿನ ಪಕ್ಕ ಒಂದು ಬಿಳಿ ಗೆರೆ ಎಳೆಯುವುದು. ಕಪ್ಪು ಕಣ್ಣಿನ ಮೇಲೆ ಆ ಗೆರೆ ಬಂದರೆ ಅದು ಹುಬ್ಬಿನ ಹಾಗೇ ಕಾಣುತ್ತದೆ. ಇನ್ನೊಂದು ಕಡೆ, ಫೋಟೊದ ಕಾಳುಕಾಳನ್ನು ಅಳಿಸುವ ಸೌಲಭ್ಯ ಬೆನ್ನ ಮೇಲಿನ ನಿಜವಾದ ಚುಕ್ಕೆಗಳನ್ನು ಸವರಿ ಹಾಕುತ್ತದೆ. ಆಗ ಚುಕ್ಕೆ ಇರುವ ವುಡ್, ಚುಕ್ಕೆ ಇಲ್ಲದಂತೆ ಕಾಣುವ ಗ್ರೀನ್ ಆಗಿಬಿಡುತ್ತದೆ. ನನಗೇ ಹೀಗಾಗಿದೆ. ಕೆರೆಯೊಂದರ ತೂಬಿನ ಹತ್ತಿರ ಬೆಳಕಿಗೆ ಎದುರಾಗಿ ನಿಂತಿದ್ದ ಹಕ್ಕಿಯನ್ನು ತೆಗೆದು, ಮೈ ಕಪ್ಪಗಿದೆ, ಚುಕ್ಕೆ ಇಲ್ಲ, ಗ್ರೀನ್ ಸ್ಯಾಂಡ್‌ಪೈಪರ್ ಅಂತ ಪುಸ್ತಕದಲ್ಲಿ ಬರೆದುಬಿಟ್ಟಿದ್ದೆ. ಹತ್ತು ನಿಮಿಷದ ನಂತರ ಅದು ಹಾರಿತು. ರೆಕ್ಕೆಯ ಒಳಮೈ ತಿಳಿ ಬೂದು. ವುಡ್! ನಾನು ಕಪ್ಪು ಅಂದುಕೊಂಡದ್ದು ಬರೀ ನೆರಳು. ಅವತ್ತಿನಿಂದ ಎದುರು ಬೆಳಕಿನ ಫೋಟೊದಲ್ಲಿ ಮೈಬಣ್ಣ ನೋಡಿ ಹೆಸರು ಬರೆಯುವುದನ್ನು ಬಿಟ್ಟೆ.

ಆ ಹಾರಾಟದಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವಿದೆ. ದೂರದ ಹಕ್ಕಿಗೆ ಬೇಕಾದದ್ದು ಪ್ರಭೇದದ ಗುರುತು ಸೆಂಟಿಮೀಟರ್‌ಗಟ್ಟಲೆ ದೊಡ್ಡದಾಗಿ ಕಾಣುವ ನೋಟ. ನಿಂತ ಗೊರವದಲ್ಲಿ ಅಂಥ ಗುರುತುಗಳಲ್ಲಿ ಹೆಚ್ಚಿನವು ಮಡಚಿದ ರೆಕ್ಕೆಯ ಒಳಗೆ ಮುಚ್ಚಿಕೊಂಡಿರುತ್ತವೆ. ರೆಕ್ಕೆ ಬಿಚ್ಚಿದರೆ ಎಲ್ಲ ಹೊರಗೆ ಬರುತ್ತವೆ.

ಹಕ್ಕಿ ನಿಮ್ಮಿಂದ ದೂರಕ್ಕೆ ಹಾರುವಾಗ ಹಿಂದಿನಿಂದ ತೆಗೆದ ಒಂದು ಫೋಟೊ, ಎಷ್ಟೇ ಮಸುಕಾಗಿದ್ದರೂ, ನಿಂತ ಹಕ್ಕಿಯ ಹತ್ತು ಫೋಟೊಗಿಂತ ಬೆಲೆಬಾಳುತ್ತದೆ. ಗ್ರೀನ್ ಆಗಿದ್ದರೆ ಕಪ್ಪನೆಯ ಹಕ್ಕಿಯ ಬಾಲದ ಬುಡದಲ್ಲಿ ಬಿಳಿ ತೇಪೆ ಹಾಕಿದಂತೆ ಹೊಳೆಯುತ್ತದೆ. ವುಡ್‌ಗೂ ಅಲ್ಲಿ ಬಿಳಿ ಇದೆ, ಆದರೆ ಮೈ ಕಂದಾದ್ದರಿಂದ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಕಾಲ್ಬೆರಳುಗಳು ಬಾಲದಿಂದಾಚೆ ಚಾಚಿಕೊಂಡಿರುತ್ತವೆ. ಕಾಮನ್‌ಗೆ ಬಾಲದ ಬುಡದಲ್ಲಿ ಬಿಳಿಯೇ ಇಲ್ಲ, ಬದಲಿಗೆ ರೆಕ್ಕೆಯ ಉದ್ದಕ್ಕೂ ಬಿಳಿ ಪಟ್ಟಿ. ರಫ್‌ಗೆ ಬಾಲದ ನಡುವೆ ಕಪ್ಪು ಗೆರೆ, ಅದರ ಎರಡೂ ಪಕ್ಕ ಮೊಟ್ಟೆಯಾಕಾರದ ಬಿಳಿ. ನೋಡಿ, ಇಡೀ ಗಲಾಟೆ ಒಂದೇ ನೋಟದಲ್ಲಿ ಬಗೆಹರಿಯಿತು. ಈ ತೇಪೆಗಳೆಲ್ಲ ಹಲವು ಹತ್ತು ಪಿಕ್ಸೆಲ್ ಅಗಲ ಇರುವುದರಿಂದ ಆರು ಪಿಕ್ಸೆಲ್ ಮಸುಕು ಇವನ್ನು ಏನೂ ಮಾಡಲಾರದು.

ವುಡ್, ಗ್ರೀನ್ ಎರಡರ ನಡುವೆ ಇನ್ನೂ ಅನುಮಾನ ಉಳಿದರೆ ರೆಕ್ಕೆಯ ಒಳಮೈ ಬೇಕು. ಗ್ರೀನ್‌ದು ಇದ್ದಲಿನಂತೆ ಕಪ್ಪು, ವುಡ್‌ದು ತಿಳಿ. ಹಕ್ಕಿ ಪಕ್ಕಕ್ಕೆ ತಿರುಗಿ ಮೇಲೇಳುವಾಗ ಇದು ಒಂದು ಕ್ಷಣ ಕಾಣುತ್ತದೆ.

ದಯವಿಟ್ಟು ಇದಕ್ಕಾಗಿ ಹಕ್ಕಿಯನ್ನು ಎಬ್ಬಿಸಬೇಡಿ. ಸೈಬೀರಿಯಾ, ಉತ್ತರ ಯುರೋಪಿನ ಕಡೆಯಿಂದ ಬಂದು ಇಲ್ಲಿ ಮೇಯುತ್ತಿರುವ ಜೀವ ಅದು. ಅದಕ್ಕೆ ಪ್ರತಿ ಗಂಟೆಯ ಮೇವೂ ಮುಖ್ಯ. ಎಬ್ಬಿಸುವ ಅಗತ್ಯವೂ ಇಲ್ಲ. ಗೊರವಗಳು ಮೇದು ಮುಗಿಸಿ, ಪುಕ್ಕ ತೀಡಿಕೊಂಡ ಮೇಲೆ ಬಹಳ ಸಲ ಒಂದು ಕೆಲಸ ಮಾಡುತ್ತವೆ. ಕತ್ತು ತುಸು ಮುಂದೆ ಚಾಚಿ, ಎರಡೂ ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಎತ್ತುತ್ತವೆ. ಒಂದು ಸೆಕೆಂಡ್ ಅಷ್ಟೇ, ಮತ್ತೆ ಮಡಚಿಕೊಳ್ಳುತ್ತವೆ. ಆ ಒಂದು ಸೆಕೆಂಡ್‌ನಲ್ಲಿ ಒಳಮೈ ಪೂರ್ತಿ ಬಿಚ್ಚಿದ ಪುಸ್ತಕದ ಹಾಗೆ ಕಾಣುತ್ತದೆ. ಪುಕ್ಕ ತೀಡುವುದು ಶುರುವಾದ ಕೂಡಲೇ ಕ್ಯಾಮೆರಾ ಹಿಡಿದು ಕಾಯಿರಿ. ಶಟರ್ 1/2000 ಇಟ್ಟು, ಒಂದರ ಹಿಂದೆ ಒಂದು ಹೊಡೆಯುವ ಬರ್ಸ್ಟ್‌ನಲ್ಲಿ ಇಡಿ. ಗದ್ದೆಯ ಮೇಲೆ ಮಾರ್ಶ್ ಹ್ಯಾರಿಯರ್ ಎಂಬ ಬೇಟೆ ಹಕ್ಕಿ ಬಂದರೂ ಕೆರೆಯಂಚಿನ ಹಕ್ಕಿಗಳೆಲ್ಲ ತಾವಾಗಿಯೇ ಏಳುತ್ತವೆ, ಅದಕ್ಕೂ ಸಿದ್ಧವಾಗಿರಿ.

ಇನ್ನು ನಿಂತ ಹಕ್ಕಿಯಲ್ಲೂ ಎಲ್ಲ ಕೋನವೂ ಒಂದೇ ಅಲ್ಲ. ನೇರ ಪಕ್ಕದಿಂದ, ತಲೆ ಎತ್ತಿ ನಿಂತಾಗ, ಕೊಕ್ಕು ಕೆಸರಿನಿಂದ ಹೊರಗಿದ್ದಾಗ ತೆಗೆದ ಫೋಟೊ ಬೇಕು. ಆಗ ಕೊಕ್ಕಿನ ನಿಜವಾದ ಉದ್ದ, ತುದಿ ಚೂರು ಬಾಗಿದೆಯೋ ಇಲ್ಲವೋ, ಹೆಗಲ ಬಿಳಿ ಮೊನೆ ಎಲ್ಲ ಗೊತ್ತಾಗುತ್ತದೆ. ಓರೆಯಾಗಿ ನಿಂತ ಹಕ್ಕಿಯ ಕೊಕ್ಕು ಯಾವಾಗಲೂ ಗಿಡ್ಡವಾಗಿಯೇ ಕಾಣುತ್ತದೆ. ಮೇಯುವಾಗ ತಲೆ ತಗ್ಗಿಸಿರುತ್ತದೆ, ಕೊಕ್ಕು ಅರ್ಧ ಕೆಸರಲ್ಲಿರುತ್ತದೆ. ನಾವು ತೆಗೆಯುವ ಹೆಚ್ಚಿನ ಫೋಟೊ ಆ ಭಂಗಿಯದ್ದೇ ಆಗಿರುತ್ತದೆ, ಬೇಸರ.

ಪಕ್ಕದಲ್ಲಿ ಗುರುತಿರುವ ಇನ್ನೊಂದು ಹಕ್ಕಿ ಬಂದರೆ ಬಿಡಬೇಡಿ, ಎರಡನ್ನೂ ಒಂದೇ ಫ್ರೇಮ್‌ನಲ್ಲಿ ಹಿಡಿಯಿರಿ. ಮೈನಾ ಆದರೆ ಸುಮಾರು 23ರಿಂದ 25 ಸೆಂಟಿಮೀಟರ್, ಟಿಟ್ಟಿಭ ಆದರೆ 33ರ ಆಸುಪಾಸು. ಒಂದೇ ಷರತ್ತು, ಎರಡೂ ನಿಮ್ಮಿಂದ ಒಂದೇ ದೂರದಲ್ಲಿರಬೇಕು. ದೊಡ್ಡ ಲೆನ್ಸ್‌ನಲ್ಲಿ ಹತ್ತು ಮೀಟರ್ ಹಿಂದಿರುವ ಹಕ್ಕಿಯೂ ಪಕ್ಕದಲ್ಲೇ ನಿಂತಂತೆ ಕಾಣುತ್ತದೆ. ಇಬ್ಬರ ಪಾದಗಳೂ ಫ್ರೇಮ್‌ನಲ್ಲಿ ಒಂದೇ ಎತ್ತರದಲ್ಲಿವೆಯೇ, ಎರಡೂ ಒಂದೇ ಮಟ್ಟಿಗೆ ಫೋಕಸ್‌ನಲ್ಲಿವೆಯೇ ನೋಡಿಕೊಳ್ಳಿ.

ನಾನು ಎಲ್ಲರಿಗೂ ಹೇಳುವ, ಆದರೆ ಯಾರೂ ಮಾಡದ ಒಂದು ಕೆಲಸವಿದೆ. ಫೋಟೊ ಸರಿ ಬರುತ್ತಿಲ್ಲ ಅನ್ನಿಸಿದರೆ ಅರ್ಧ ನಿಮಿಷ ವಿಡಿಯೊ ಮಾಡಿ. ನಡವಳಿಕೆಗೆ ಪಿಕ್ಸೆಲ್‌ನ ಹಂಗಿಲ್ಲ. ಕಾಮನ್ ಸ್ಯಾಂಡ್‌ಪೈಪರ್ ಮೈಯ ಹಿಂಭಾಗವನ್ನು ಬಿಡದೆ ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ಬಾಗಿದ ರೆಕ್ಕೆಗಳನ್ನು ಪಟಪಟ ಬಡಿದು, ನಡುನಡುವೆ ಬಡಿಯುವುದನ್ನು ನಿಲ್ಲಿಸಿ ತೇಲಿ ಹೋಗುತ್ತದೆ. ಉಳಿದ ಮೂರೂ ಹಾಗೆ ಹಾರುವುದಿಲ್ಲ. ಜೊತೆಗೆ ವಿಡಿಯೊದಲ್ಲಿ ಕೂಗೂ ಸಿಗಬಹುದು. ಗ್ರೀನ್ ಏಳುವಾಗ ‘ಟ್ಲುಈಟ್-ವಿಟ್-ವಿಟ್’ ಅಂತ ಶಿಳ್ಳೆಯಂತೆ ಕೂಗುತ್ತದೆ, ವುಡ್ ಒಣಗಿದ ದನಿಯಲ್ಲಿ ‘ಚಿಫ್-ಇಫ್-ಇಫ್’ ಅನ್ನುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಎರಡನ್ನೂ ಬೆರೆಸಲು ಸಾಧ್ಯವಿಲ್ಲ. ಕೂಗು ಸಿಕ್ಕಿದರೆ ಚಿತ್ರ ಎಷ್ಟು ಮಸುಕಾಗಿದ್ದರೂ ಚಿಂತೆಯಿಲ್ಲ.

ಫೋಟೊವನ್ನೇ ನೆಚ್ಚುವುದಾದರೆ, ಒಂದು ಒಳ್ಳೆಯದನ್ನು ಆರಿಸಿ ಉಳಿದವನ್ನು ಅಳಿಸುವ ಅಭ್ಯಾಸ ಬಿಡಿ. ಇಪ್ಪತ್ತು ಕೆಟ್ಟ ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದರೆ ಯಾವುದು ಹಕ್ಕಿಯದ್ದು, ಯಾವುದು ಬಿಸಿಲಿನದ್ದು ಎಂದು ಗೊತ್ತಾಗುತ್ತದೆ. ಬಿಳಿ ಹುಬ್ಬು ಇಪ್ಪತ್ತರಲ್ಲಿ ಹದಿನೈದರಲ್ಲಿ ಇದ್ದರೆ ಅದು ಹಕ್ಕಿಯ ಮೇಲಿದೆ. ಒಂದರಲ್ಲಿ ಮಾತ್ರ ಇದ್ದರೆ ಕಾದ ಗಾಳಿಯ ಆಟ ಇರಬಹುದು. ಕತ್ತರಿಸದ, ಚೂಪು ಮಾಡದ ಮೂಲ ಫೈಲ್‌ಗಳನ್ನೇ ಕಳಿಸಿ. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸುತ್ತದೆ, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಬರೀ ಫೋನ್‌ನಲ್ಲಿ ಅದೇ 80 ಮೀಟರ್‌ನಿಂದ ತೆಗೆದರೆ ಇಡೀ ಹಕ್ಕಿಗೆ ಏಳೆಂಟರಿಂದ ಹದಿನೈದು ಪಿಕ್ಸೆಲ್ ಮಾತ್ರ ಸಿಗುತ್ತದೆ. ಸ್ಕ್ರೀನ್ ಮೇಲೆ ಬೆರಳಿಂದ ಎಳೆದು ಜೂಮ್ ಮಾಡಿದರೆ ಅವೇ ಪಿಕ್ಸೆಲ್‌ಗಳು ಹಿಗ್ಗುತ್ತವೆ ಅಷ್ಟೇ. ಆಗ ಕುಟುಂಬವನ್ನು ಹೇಳುವುದೂ ಕಷ್ಟ.

ಜನವರಿ ತಿಂಗಳು, ಮಂಡ್ಯ, ಒಂಟಿ ಹಕ್ಕಿ ಅನ್ನುವುದರಿಂದ ಏನಾದರೂ ಹೇಳಬಹುದೇ? ಗ್ರೀನ್ ಹೆಚ್ಚಾಗಿ ಒಂಟಿ, ಹಳ್ಳ ತೋಡುಗಳ ಪಕ್ಕ. ವುಡ್ ಗದ್ದೆಗಳಲ್ಲಿ ಗುಂಪಾಗಿಯೂ ಸಿಗುತ್ತದೆ. ಆದರೆ ಒಂಟಿ ವುಡ್‌ಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಾಲ್ಕೂ ಹಕ್ಕಿ ಚಳಿಗಾಲದಲ್ಲಿ ನಮ್ಮಲ್ಲಿ ಇರುತ್ತವೆ. ಆದ್ದರಿಂದ ಜಾಗ, ಕಾಲ ನೋಡಿ ಒಂದು ಊಹೆ ಮಾಡಬಹುದು, ದಾಖಲೆಗೆ ಹೆಸರು ಬರೆಯಬಾರದು.

ಚೂಪಾದ ಫೋಟೊ ಸಿಕ್ಕಿದರೆ ಎಲ್ಲ ಮುಗಿಯಿತು ಎಂದೂ ಇಲ್ಲ. ಇದೇ ಕುಟುಂಬದ ಸ್ನೈಪ್‌ಗಳನ್ನು ನೋಡಿ. ಕಾಮನ್ ಸ್ನೈಪ್, ಪಿನ್‌ಟೇಲ್ ಸ್ನೈಪ್ ಎರಡೂ ನಮ್ಮ ಗದ್ದೆಗಳಿಗೆ ಬರುತ್ತವೆ. ಕಣ್ಣಿನ ರೆಪ್ಪೆ ಎಣಿಸುವಷ್ಟು ಚೆನ್ನಾಗಿ ತೆಗೆದರೂ ಕೂತ ಹಕ್ಕಿಯ ಮೇಲೆ ಬಾಜಿ ಕಟ್ಟುವ ಧೈರ್ಯ ನನಗಿಲ್ಲ. ಬಾಲ ಬಿಚ್ಚಿದಾಗ ಅಂಚಿನಲ್ಲಿ ಸೂಜಿಯಂಥ ಸಣ್ಣ ಪುಕ್ಕಗಳು ಕಂಡರೆ ಪಿನ್‌ಟೇಲ್. ಹಾರುವಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಸ್ಪಷ್ಟ ಬಿಳಿ ಗೆರೆ ಕಂಡರೆ ಕಾಮನ್ ಸ್ನೈಪ್. ಅಲ್ಲೂ ಬೇಕಾದದ್ದು ಸರಿಯಾದ ನೋಟವೇ.

ನಿಮ್ಮ ಫೋಟೊಗೆ ಈಗ ‘ಸ್ಕೋಲೋಪ್ಯಾಸಿಡೇ, ಪ್ರಭೇದ ಗೊತ್ತಾಗಿಲ್ಲ’ ಎಂದು ಬರೆದು, ತಾರೀಕು, ಜಾಗ, ದೂರದ ಜೊತೆ ಹಾಗೇ ಇಡಿ. ಚಳಿಗಾಲ ಮುಗಿಯುವುದರೊಳಗೆ ಇನ್ನೊಮ್ಮೆ ಅದೇ ಕೆರೆಗೆ ಹೋಗಿ. ಗೊರವಗಳು ಮೇವು ಸಿಕ್ಕ ಅಂಚಿಗೆ ದಿನದಿನವೂ ಬರುವುದುಂಟು. ಬೆಳಿಗ್ಗೆ ಎಂಟರೊಳಗೆ, ನೆಲ ಕಾಯುವ ಮುಂಚೆ ಹೋಗಬೇಕು. ಸೂರ್ಯ ನಿಮ್ಮ ಬೆನ್ನಿಗೆ ಇರಲಿ. ಹಕ್ಕಿಯ ಹಿಂದೆ ನಡೆಯಬೇಡಿ. ಅದು ನೀರಂಚು ಹಿಡಿದು ಯಾವ ಕಡೆ ಮೇಯುತ್ತಾ ಬರುತ್ತಿದೆ ನೋಡಿ, ಆ ದಾರಿಯಲ್ಲಿ ಐವತ್ತು ಅರವತ್ತು ಮೀಟರ್ ಮುಂದೆ, ಏರಿಯ ಕಲ್ಲಿಗೋ ಪೊದೆಗೋ ಒರಗಿ ಕೂತುಬಿಡಿ. ಅಲ್ಲಾಡದೆ ಕೂತರೆ ಬಹಳ ಸಲ ತಾನಾಗಿಯೇ ಹತ್ತಿರ ಬರುತ್ತದೆ. 40 ಮೀಟರ್‌ಗೆ ಬಂದರೆ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್ ಆಗುತ್ತದೆ. ಬೆಳಗಿನ ತಂಪಿನಲ್ಲಿ ಮಸುಕು ಎರಡು ಮೂರು ಪಿಕ್ಸೆಲ್‌ಗೆ ಇಳಿದರೆ ಎರಡು ಮಿಲಿಮೀಟರ್‌ನ ಹುಬ್ಬೂ ಕಾಣಲು ಶುರುವಾಗುತ್ತದೆ. ಅದು ಪುಕ್ಕ ತೀಡಲು ನಿಂತಾಗ ಮಾತ್ರ ಕಣ್ಣು ಆಚೆ ಈಚೆ ಮಾಡಬೇಡಿ, ರೆಕ್ಕೆ ಎತ್ತುವುದು ಅದರ ಬೆನ್ನಿಗೇ.